ಟೆಸ್ಟ್ ನೆಗೆಟಿವ್, ಪೀರಿಯಡ್ಸೂ ಬಂದಿಲ್ಲ: ಲೆಕ್ಕ ಎಲ್ಲಿಂದ ಶುರು ಮಾಡ್ಬೇಕು

ಹನ್ನೊಂದು ವರ್ಷದಿಂದ ಶಿವಮೊಗ್ಗದ ಒಂದು ಸಣ್ಣ ಲ್ಯಾಬಲ್ಲಿ ಟೆಕ್ನಿಷಿಯನ್ ಆಗಿದೀನಿ, ಡಾಕ್ಟರ್ ಅಲ್ಲ ಅಂತ ಮೊದ್ಲೇ ಹೇಳ್ಬಿಡ್ತೀನಿ. ಕೌಂಟರ್ ಹತ್ರ ಬಂದು ದನಿ ತಗ್ಗಿಸಿ "ಮೇಡಂ, ಕಿಟ್ಟಲ್ಲಿ ಒಂದೇ ಗೆರೆ ಬಂತು, ಆದ್ರೆ ಡೇಟ್ ಆಗಿ ಹತ್ತು ದಿನ ಆಯ್ತು, ಬ್ಲಡ್ ಟೆಸ್ಟ್ ಮಾಡ್ತೀರಾ" ಅಂತ ಕೇಳೋರು ವಾರಕ್ಕೆ ಇಬ್ಬರು ಮೂವರಾದ್ರೂ ಇರ್ತಾರೆ. ಅವರಿಗೆ ನಿಂತ್ಕೊಂಡೇ ಹೇಳೋ ಮಾತನ್ನ ಇಲ್ಲಿ ಕೂತು ನಿಧಾನಕ್ಕೆ ಬರೀತಿದೀನಿ.

ಒಂದು ಎಚ್ಚರಿಕೆ ಮೊದ್ಲೇ ಇರ್ಲಿ. ಡೇಟ್ ಮಿಸ್ ಆಗಿದೆ, ಜೊತೆಗೆ ಕೆಳಹೊಟ್ಟೆಯ ಒಂದು ಕಡೆ ಜೋರು ನೋವು, ಸ್ವಲ್ಪ ಸ್ವಲ್ಪ ರಕ್ತದ ಕಲೆ, ತಲೆ ಸುತ್ತಿ ಬೀಳೋ ಹಂಗೆ ಆಗೋದು, ಭುಜದ ತುದಿಯಲ್ಲಿ ನೋವು, ಇಂಥದ್ದು ಇದ್ರೆ ಈ ಲೇಖನ ಇಲ್ಲಿಗೇ ಬಿಟ್ಟು ಕ್ಯಾಶುವಾಲಿಟಿಗೆ ಹೋಗಿ, ರಾತ್ರಿ ಆದ್ರೂ ಸರಿ. ಗರ್ಭ ಗರ್ಭಕೋಶದ ತನಕ ಬರದೆ ಅಂಡನಳಿಕೆಯಲ್ಲೇ ಕೂತ್ಕೊಂಡಿದ್ರೆ ಹಾರ್ಮೋನ್ ಕಮ್ಮಿ ಬರೋದ್ರಿಂದ ಕಿಟ್ಟಲ್ಲಿ ಗೆರೆ ಮಸುಕಾಗಿರಬಹುದು, ಅಪರೂಪಕ್ಕೆ ಬರದೇನೂ ಇರಬಹುದು, ಆದ್ರೆ ನಳಿಕೆ ಒಡೆದ್ರೆ ಜೀವಕ್ಕೇ ಅಪಾಯ. ಆಗ ಕಿಟ್ ಏನು ಹೇಳ್ತು ಅನ್ನೋದನ್ನ ಲೆಕ್ಕಕ್ಕೆ ತಗೋಬೇಡಿ.

ಹೆಜ್ಜೆ 1: ಆ ನೆಗೆಟಿವ್ ನಂಬೋ ಹಾಗಿದೆಯಾ ನೋಡಿ

ಎಲ್ಲರೂ ಡೇಟ್ ಮಿಸ್ ಆದ ದಿನದಿಂದ ಲೆಕ್ಕ ಹಾಕ್ತಾರೆ, ಕಿಟ್ಟಿನ ಡಬ್ಬಿ ಮೇಲೂ ಹಂಗೇ ಬರ್ದಿರತ್ತೆ, ಆದ್ರೆ ಮೈ ಒಳಗೆ ಲೆಕ್ಕ ನಡೆಯೋದು ಅಂಡ ಬಿಡುಗಡೆ ಆದ ದಿನದಿಂದ. ಅಂಡ ಹೊರಗೆ ಬಂದ ಮೇಲೆ ಪೀರಿಯಡ್ಸ್ ಬರೋಕೆ ಹೆಚ್ಚು ಕಮ್ಮಿ ಎರಡು ವಾರ ಬೇಕು, ಒಬ್ಬೊಬ್ಬರಿಗೆ ಒಂದೆರಡು ದಿನ ಆಚೆ ಈಚೆ, ಆದ್ರೆ ಒಬ್ಬಳಲ್ಲೇ ಆ ಎರಡನೇ ಭಾಗ ತಿಂಗಳಿಂದ ತಿಂಗಳಿಗೆ ಜಾಸ್ತಿ ಬದಲಾಗಲ್ಲ. ಬದಲಾಗೋದು ಮೊದಲನೇ ಭಾಗ, ಅಂದ್ರೆ ಹಿಂದಿನ ಮುಟ್ಟಿಂದ ಅಂಡ ಬಿಡುಗಡೆ ತನಕದ್ದು. ಆ ಭಾಗ ಒಂದು ವಾರ ಉದ್ದ ಆದ್ರೆ ಮುಟ್ಟೂ ಒಂದು ವಾರ ಮುಂದಕ್ಕೆ ಹೋಗತ್ತೆ. ಈ ಒಂದು ವಿಷಯ ಅರ್ಥ ಆದ್ರೆ ಮುಂದಿನದ್ದೆಲ್ಲಾ ಸುಲಭ.

ಗರ್ಭ ನಿಂತ್ರೆ ಏನಾಗತ್ತೆ ಅಂದ್ರೆ, ಅಂಡ ಬಿಡುಗಡೆ ಆಗಿ ಆರರಿಂದ ಹನ್ನೆರಡು ದಿನದ ಒಳಗೆ ಭ್ರೂಣ ಗರ್ಭಕೋಶಕ್ಕೆ ಅಂಟ್ಕೊಳತ್ತೆ, ಆಮೇಲೆ ಮಾತ್ರ ಎಚ್‌ಸಿಜಿ ಅನ್ನೋ ಹಾರ್ಮೋನ್ ರಕ್ತಕ್ಕೆ ಬರೋದು, ಶುರುವಲ್ಲಿ ಅದು ಎರಡು ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗ್ತಾ ಹೋಗತ್ತೆ, ಮೂತ್ರದಲ್ಲಿ ಒಂದು ಮಟ್ಟಕ್ಕೆ ಬಂದ ಮೇಲಷ್ಟೇ ಕಿಟ್ಟಿಗೆ ಕಾಣೋದು. ಹಂಗಾಗಿ ಅಂಡವೇ ಲೇಟಾಗಿ ಬಂದಿದ್ರೆ ಡೇಟ್ ಮಿಸ್ ಆಗಿ ವಾರ ಆದ್ರೂ ಕಿಟ್ ನೆಗೆಟಿವ್ ತೋರಿಸಬಹುದು, ಗರ್ಭ ಇಲ್ಲ ಅಂತ ಅಲ್ಲ, ಇನ್ನೂ ಹೇಳೋ ಟೈಮೇ ಬಂದಿಲ್ಲ ಅಂತ.

ಅದಕ್ಕೆ ಸುಲಭವಾದ ನಿಯಮ: ಕೊನೇ ಸಲ ರಕ್ಷಣೆ ಇಲ್ಲದೆ ಸೇರಿದ ದಿನದಿಂದ 21 ದಿನ ಎಣಿಸಿ. 21 ದಿನ ಕಳೆದ ಮೇಲೆ ಸರಿಯಾಗಿ ಮಾಡಿದ ಟೆಸ್ಟ್ ನೆಗೆಟಿವ್ ಬಂದ್ರೆ ಅದನ್ನ ನಂಬಬಹುದು. ಅದಕ್ಕಿಂತ ಮುಂಚೆ ಬಂದ ನೆಗೆಟಿವ್ "ಸದ್ಯಕ್ಕೆ ಕಾಣ್ತಿಲ್ಲ" ಅಷ್ಟೇ, ಒಂದು ವಾರ ಬಿಟ್ಟು ಇನ್ನೊಂದ್ಸಲ ಮಾಡ್ಬೇಕು.

ಇನ್ನು ಮಾಡೋ ರೀತಿ. ಬೆಳಿಗ್ಗೆ ಎದ್ದ ತಕ್ಷಣದ ಮೂತ್ರ, ರಾತ್ರಿ ಎದ್ದು ಚೊಂಬುಗಟ್ಲೆ ನೀರು ಕುಡೀಬಾರದು, ಕಿಟ್ ಜೊತೆ ಬರೋ ಡ್ರಾಪರಲ್ಲಿ ಕವರ್ ಮೇಲೆ ಹೇಳಿದಷ್ಟೇ ಹನಿ, ಸಾಮಾನ್ಯವಾಗಿ ಮೂರು. ಐದು ನಿಮಿಷಕ್ಕೆ ನೋಡಿ. ಅರ್ಧ ಗಂಟೆ ಆದ್ಮೇಲೆ ಬಾತ್‌ರೂಮಿಗೆ ಹೋಗಿ ನೋಡಿ ಬೂದು ಬಣ್ಣದ ಗೆರೆ ಕಂಡು ಗಾಬರಿಯಾಗಿ ಬರೋರಿದ್ದಾರೆ, ಅದು ಒಣಗಿದಾಗ ಬರೋ ಗೆರೆ, ಲೆಕ್ಕಕ್ಕಿಲ್ಲ. ಕಂಟ್ರೋಲ್ ಗೆರೆ, ಅಂದ್ರೆ ಸಿ ಹತ್ರ ಇರೋದು, ಅದೇ ಬರ್ಲಿಲ್ಲ ಅಂದ್ರೆ ಕಿಟ್ಟೇ ಕೆಟ್ಟಿದೆ, ನೆಗೆಟಿವ್ ಅಲ್ಲ, ಇದನ್ನ ತುಂಬಾ ಜನ ತಪ್ಪಾಗಿ ಓದ್ತಾರೆ. ಮೆಡಿಕಲ್ ಶಾಪಲ್ಲಿ ಕೇಳೋಕೆ ಮುಜುಗರ ಅಂದ್ರೆ ಆಶಾ ಕಾರ್ಯಕರ್ತೆ ಹತ್ರ ನಿಶ್ಚಯ್ ಅನ್ನೋ ಸರ್ಕಾರಿ ಕಿಟ್ ಇರತ್ತೆ, ದುಡ್ಡಿಲ್ಲ. ಕಾಯೋಕಾಗಲ್ಲ ಅನ್ನೋರು ರಕ್ತದಲ್ಲಿ ಬೀಟಾ ಎಚ್‌ಸಿಜಿ ಮಾಡಿಸಿ, ಅದು ಕಿಟ್ಟಿಗಿಂತ ಕೆಲವು ದಿನ ಮುಂಚೆ ಹಿಡಿಯತ್ತೆ, ಆದ್ರೂ ಅಂಡ ಬಿಡುಗಡೆ ಆಗಿ ನಾಲ್ಕೈದು ದಿನಕ್ಕೆ ಮಾಡಿಸಿದ್ರೆ ಅದಕ್ಕೂ ಏನೂ ಗೊತ್ತಾಗಲ್ಲ.

ಹೆಜ್ಜೆ 2: ಕ್ಯಾಲೆಂಡರ್ ತಗೊಂಡು ಹಿಂದಕ್ಕೆ ಹೋಗಿ

ಒಂದು ನಿಜವಾದ ಲೆಕ್ಕ ಹೇಳ್ತೀನಿ, ನಮ್ಮ ಬೀದೀಲೇ ಇರೋ ಹುಡುಗಿ, ಶಾಲೆ ಟೀಚರ್, ಮದುವೆ ಆಗಿ ಒಂದು ವರ್ಷ. ಹಿಂದಿನ ನಾಲ್ಕು ಸಲದ ಅಂತರ 29, 31, 30, 29 ದಿನ, ಅಂದ್ರೆ ಗಡಿಯಾರದ ಥರ. ಜೂನ್ 3ಕ್ಕೆ ಮುಟ್ಟಾಗಿದ್ಲು, ಜುಲೈ 3ರ ಹೊತ್ತಿಗೆ ಮತ್ತೆ ಆಗ್ಬೇಕಿತ್ತು, ಆಗ್ಲಿಲ್ಲ. ಜುಲೈ 5ಕ್ಕೆ ಕಿಟ್, ನೆಗೆಟಿವ್. ಜುಲೈ 12ಕ್ಕೆ ಇನ್ನೊಂದು ಕಿಟ್, ನೆಗೆಟಿವ್. ಮನೇಲಿ ಅತ್ತೆ ಪಪ್ಪಾಯಿ, ಎಳ್ಳು ಬೆಲ್ಲ ಶುರು ಮಾಡ್ಸಿದ್ರು. ಅವಳು ನೆಟ್ಟಲ್ಲಿ ಓದಿ ಪಿಸಿಓಡಿ, ಅಂದ್ರೆ ಅಂಡ ಸರಿಯಾಗಿ ಬಿಡುಗಡೆ ಆಗದ ತೊಂದರೆ ಅಂತ ತೀರ್ಮಾನಾನೇ ಮಾಡ್ಕೊಂಡು ನನ್ನ ಹತ್ರ ಬಂದ್ಲು.

ನಾನು ಕೇಳಿದ್ದು ಒಂದೇ, ಜೂನಲ್ಲಿ ಏನಾದ್ರೂ ಹುಷಾರಿಲ್ಲದೆ ಇತ್ತಾ ಅಂತ. ಡೆಂಗ್ಯೂ ಬಂದಿತ್ತಂತೆ, ಜೂನ್ 12ರಿಂದ 18ರ ತನಕ ಜ್ವರ, ಊಟ ಸೇರ್ತಿರ್ಲಿಲ್ಲ. ಅವಳ ಮಾಮೂಲಿ ಲೆಕ್ಕದಲ್ಲಿ ಅಂಡ ಬಿಡುಗಡೆ ಆಗ್ಬೇಕಿದ್ದಿದ್ದು ಜೂನ್ 19ರ ಆಸುಪಾಸು, ಜುಲೈ 3ರಿಂದ ಹದಿನಾಲ್ಕು ದಿನ ಹಿಂದೆ. ಸರಿಯಾಗಿ ಅಂಡ ಬೆಳೆಯೋ ವಾರದಲ್ಲೇ ಜ್ವರ. ಮೈ ಬಳಲಿದಾಗ ಮೆದುಳು ಅಂಡಾಶಯಕ್ಕೆ ಕಳಿಸೋ ಸೂಚನೆ ತಗ್ಗಿಸಿಬಿಡತ್ತೆ, ಬೆಳೀತಿದ್ದ ಅಂಡ ಅಲ್ಲಿಗೇ ನಿಂತು, ಹುಷಾರಾದ್ಮೇಲೆ ಹೊಸದೊಂದು ಶುರುವಿಂದ ಬೆಳೀಬೇಕು. "ಜುಲೈ ಮೂರು ನಾಲ್ಕನೇ ತಾರೀಕು ಮೊಟ್ಟೆಯ ಬಿಳಿ ಥರ ಎಳೆ ಎಳೆಯಾಗಿ ಹೋಗ್ತಿತ್ತಕ್ಕ, ನಾನು ಇನ್ಫೆಕ್ಷನ್ ಅಂದ್ಕೊಂಡೆ" ಅಂದ್ಲು. ಅದು ಅಂಡ ಬಿಡುಗಡೆಯ ಹೊತ್ತಿನ ಗುರುತು. ಅಂದ್ರೆ ಮೊದಲನೇ ಕಿಟ್ ಮಾಡಿದ ದಿನವೇ ಅಂಡ ಹೊರಗೆ ಬರ್ತಾ ಇತ್ತು, ಆ ಟೆಸ್ಟಿಗೆ ಅರ್ಥವೇ ಇರ್ಲಿಲ್ಲ. ಎರಡನೇದು ಅಂಡ ಬಂದು ಒಂದು ವಾರಕ್ಕೆ, ಅದೂ ಬೇಗ.

ಅವರು ಸೇರಿದ್ದು ಜೂನ್ 30ಕ್ಕೆ ಅಂತ ಲೆಕ್ಕ ಸಿಕ್ತು. ವೀರ್ಯಾಣು ಒಳಗೆ ಐದು ದಿನದ ತನಕ ಬದುಕಿರಬಹುದು, ಜುಲೈ 5ಕ್ಕೆ ಅಂಡ ಬಂದಿದ್ರೆ ಗರ್ಭ ನಿಲ್ಲೋ ಸಾಧ್ಯತೆ ಕಮ್ಮಿ, ಆದ್ರೆ ಇಲ್ಲ ಅನ್ನೋ ಹಾಗಿಲ್ಲ. ಹಂಗಾಗಿ "ಜುಲೈ 21ರ ತನಕ ಕಾಯಿ, ಆಗ್ಲೂ ಬರ್ಲಿಲ್ಲ ಅಂದ್ರೆ ಬೆಳಿಗ್ಗೆ ಕಿಟ್ ಮಾಡು, ಅಲ್ಲಿ ತನಕ ಮುಟ್ಟು ಬರ್ಸೋ ಮಾತ್ರೆ ತಗೋಬೇಡ, ನೋವಿನ ಮಾತ್ರೇನೂ ಕೇಳಿ ತಗೋ" ಅಂದೆ. ಜುಲೈ 19ಕ್ಕೆ ಮುಟ್ಟಾದ್ಲು. ಜುಲೈ 5ಕ್ಕೆ ಹದಿನಾಲ್ಕು ಸೇರಿಸಿ ನೋಡಿ. ಒಟ್ಟು 46 ದಿನದ ಸುತ್ತು, ಮುಂದಿನ ತಿಂಗಳು ಮತ್ತೆ 30ಕ್ಕೆ ಬಂತು. ಅತ್ತೆ ಮಾತ್ರ ಈಗಲೂ ಪಪ್ಪಾಯಿಯಿಂದಲೇ ಆಯ್ತು ಅಂತಾರೆ, ಇರ್ಲಿ ಬಿಡಿ, ಪಪ್ಪಾಯಿ ಹಣ್ಣು ತಿಂದ್ರೆ ನಷ್ಟ ಏನಿಲ್ಲ.

ನೀವೂ ಹಿಂಗೇ ಮಾಡಿ. ಹೋದ ತಿಂಗಳ ಮುಟ್ಟಿನ ಮೊದಲನೇ ದಿನದಿಂದ ಮುಂದಿನ ಮೂರು ವಾರದ ಒಳಗೆ ಏನಾಯ್ತು ಅಂತ ನೆನಪಿಸ್ಕೊಳ್ಳಿ: ಜ್ವರ, ಆಪರೇಷನ್, ಮನೇಲಿ ಸಾವು, ಪರೀಕ್ಷೆ, ನೈಟ್ ಶಿಫ್ಟಿಗೆ ಬದಲಾಗಿದ್ದು, ಬೇರೆ ದೇಶಕ್ಕೆ ಹೋಗಿದ್ದು. ಇತ್ತೀಚೆಗೆ, ಅಂದ್ರೆ ಡೇಟ್ ಮಿಸ್ ಆದ್ಮೇಲೆ ಶುರುವಾದ ಟೆನ್ಷನ್ ಇದಕ್ಕೆ ಕಾರಣ ಅಲ್ಲ, ಯಾಕಂದ್ರೆ ಮಾಮೂಲಿ ಸುತ್ತಿನಲ್ಲಿ ಆ ಹೊತ್ತಿಗೆ ಅಂಡದ ಕೆಲಸ ಮುಗಿದಿರಬೇಕಿತ್ತು. ಇಂಥ ಕಾರಣ ಸಿಕ್ಕಿ, ಹಿಂದೆ ಸರಿಯಾಗಿ ಆಗ್ತಿದ್ದೋರಾದ್ರೆ, ಒಂದು ಸಲದ ತಡಕ್ಕೆ ಏನೂ ಟೆಸ್ಟ್ ಬೇಕಿಲ್ಲ, ನನ್ನ ಲ್ಯಾಬಿಗೆ ವ್ಯಾಪಾರ ಕಮ್ಮಿ ಆದ್ರೂ ಇದನ್ನ ಹೇಳ್ತೀನಿ.

ಹೆಜ್ಜೆ 3: ಮಾತ್ರೆ ಡಬ್ಬಿ ತೆಗೆದು ಒಂದೊಂದೇ ಹೆಸರು ಓದಿ

ಇದು ಯಾರೂ ಮಾಡದೇ ಇರೋ ಹೆಜ್ಜೆ, ನನಗೆ ಇದೇ ಮುಖ್ಯ.

ಎಮರ್ಜೆನ್ಸಿ ಮಾತ್ರೆ ಮೊದ್ಲು. ರಕ್ಷಣೆ ಇಲ್ಲದೆ ಸೇರಿದ್ಮೇಲೆ ಗರ್ಭ ನಿಲ್ಲದಿರ್ಲಿ ಅಂತ 72 ಗಂಟೆ ಒಳಗೆ ತಗೊಳ್ಳೋ ಒಂದೇ ಮಾತ್ರೆ, ಒಳಗಿರೋದು ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ. ಅದು ಕೆಲಸ ಮಾಡೋದೇ ಅಂಡ ಬಿಡುಗಡೆಯನ್ನ ಮುಂದಕ್ಕೆ ತಳ್ಳಿ, ಹಂಗಾಗಿ ಮುಂದಿನ ಮುಟ್ಟು ಒಂದು ವಾರದ ತನಕ ಹಿಂದೆ ಮುಂದೆ ಆಗೋದು ಸಹಜ. ಒಂದು ವಾರಕ್ಕಿಂತ ತಡ ಆದ್ರೆ ಟೆಸ್ಟ್ ಮಾಡಿ. ಇಲ್ಲೊಂದು ಬಲೆ ಇದೆ, ಮಾತ್ರೆ ತಗೊಂಡ್ವಲ್ಲ ಅಂತ ಅದೇ ತಿಂಗಳು ಮತ್ತೆ ರಕ್ಷಣೆ ಇಲ್ಲದೆ ಸೇರ್ತಾರೆ, ಮುಂದಕ್ಕೆ ತಳ್ಳಿದ ಅಂಡ ಆವಾಗ ಬರತ್ತೆ. ಹಂಗಾಗಿದ್ರೆ 21 ದಿನ ಎಣಿಸ್ಬೇಕಾದ್ದು ಆ ಕೊನೇ ಸಲದಿಂದ.

ಗರ್ಭ ನಿಲ್ಲದ ಹಾಗೆ ಸರ್ಕಾರಿ ಆಸ್ಪತ್ರೇಲಿ ಕೊಡೋ ಛಾಯಾ ಮಾತ್ರೆ, ಮೊದಲ ಮೂರು ತಿಂಗಳು ವಾರಕ್ಕೆರಡು ಆಮೇಲೆ ವಾರಕ್ಕೊಂದು ತಗೊಳ್ಳೋದು, ಅದರಲ್ಲಿ ಕೆಲವರಿಗೆ ಮುಟ್ಟು ತಡ ಆಗತ್ತೆ. ಅದಕ್ಕೇ ಕೊಡೋ ಅಂತರಾ ಇಂಜೆಕ್ಷನ್, ಮೂರು ತಿಂಗಳಿಗೊಂದು, ಅದರಲ್ಲಿ ಮುಟ್ಟು ಪೂರ್ತಿ ನಿಂತೇ ಹೋಗಬಹುದು, ಬಿಟ್ಟ ಮೇಲೂ ಮಾಮೂಲಿಗೆ ಬರೋಕೆ ತಿಂಗಳುಗಟ್ಲೆ ಬೇಕಾಗತ್ತೆ. ಕೊಡೋವಾಗ ಹೇಳಿರ್ತಾರೆ, ಆ ಗಲಾಟೇಲಿ ಕೇಳಿಸ್ಕೊಂಡಿರಲ್ಲ.

ಈಗ ನಿಜವಾಗ್ಲೂ ಜನ ಅನುಮಾನ ಪಡದೇ ಇರೋದು: ಗ್ಯಾಸ್ಟ್ರಿಕ್ ಕ್ಯಾಪ್ಸೂಲ್. ನಮ್ಮಲ್ಲಿ ಅಸಿಡಿಟಿಗೆ ಕೊಡೋ ಎಷ್ಟೋ ಕ್ಯಾಪ್ಸೂಲಲ್ಲಿ ಎರಡು ಔಷಧಿ ಇರತ್ತೆ, ಒಂದು ಪ್ಯಾಂಟೊಪ್ರಜೋಲ್ ಅಥವಾ ರಾಬೆಪ್ರಜೋಲ್, ಇನ್ನೊಂದು ಡೊಂಪೆರಿಡೋನ್ ಅಥವಾ ಲೆವೊಸಲ್ಪಿರೈಡ್. ತೊಂದರೆ ಆ ಎರಡನೇದ್ದು. ಮೆದುಳಿನ ಕೆಳಗಿರೋ ಪಿಟ್ಯೂಟರಿ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನ್ ಬರತ್ತೆ, ಎದೆಹಾಲು ತರಿಸೋದು ಅದೇ. ಡೋಪಮಿನ್ ಅದನ್ನ ಅದುಮಿಟ್ಕೊಂಡಿರತ್ತೆ, ಈ ಔಷಧಿಗಳು ಡೋಪಮಿನ್ ಕೈ ಕಟ್ಟಿಹಾಕ್ತವೆ, ಆಗ ಪ್ರೊಲ್ಯಾಕ್ಟಿನ್ ಏರಿ ಅಂಡ ಬೆಳೆಯೋದೇ ನಿಂತು ಹೋಗತ್ತೆ. ಹಾಲು ಕುಡಿಸೋ ತಾಯಂದಿರಿಗೆ ತಿಂಗಳುಗಟ್ಲೆ ಮುಟ್ಟಾಗಲ್ವಲ್ಲ, ಅದೇ ಕಥೆ, ಮಗು ಇಲ್ಲದೆ.

ಎರಡು ಮಕ್ಕಳ ತಾಯಿ ಒಬ್ಬರು ಬಂದಿದ್ರು, 34 ವಯಸ್ಸು, ಎರಡೂವರೆ ತಿಂಗಳು ಮುಟ್ಟಿಲ್ಲ, ನಾಲ್ಕು ಕಿಟ್ ನೆಗೆಟಿವ್. ಮಾತಾಡ್ತಾ ಮಾತಾಡ್ತಾ "ಬಟ್ಟೆ ಮೇಲೆ ಹಾಲಿನ ಕಲೆ ಥರ ಆಗತ್ತೆ, ಚಿಕ್ಕೋನು ಹಾಲು ಬಿಟ್ಟು ನಾಲ್ಕು ವರ್ಷ ಆಯ್ತಲ್ಲ" ಅಂದ್ರು. ಡಾಕ್ಟರ್ ಪ್ರೊಲ್ಯಾಕ್ಟಿನ್ ಬರ್ಕೊಟ್ರು, ಬಂದಿದ್ದು 118, ಇರ್ಬೇಕಾದ್ದು ಸುಮಾರು 25ರ ಒಳಗೆ. ಮೂರು ತಿಂಗಳಿಂದ ಒಂದೇ ಗ್ಯಾಸ್ಟ್ರಿಕ್ ಚೀಟಿ ತೋರಿಸಿ ಮೆಡಿಕಲಲ್ಲಿ ತಗೊಂಡು ತಿಂತಾನೇ ಇದ್ರಂತೆ, ಸ್ಟ್ರಿಪ್ ಹಿಂದೆ ಲೆವೊಸಲ್ಪಿರೈಡ್ 75 ಮಿಲಿಗ್ರಾಂ. ಡಾಕ್ಟರ್ ಅದನ್ನ ಬಿಡಿಸಿ ಸಾದಾ ಅಸಿಡಿಟಿ ಮಾತ್ರೆ ಕೊಟ್ರು, ಮೂರು ವಾರಕ್ಕೆ ಮತ್ತೆ ನೋಡಿದಾಗ 19, ಅದೇ ತಿಂಗಳ ಕೊನೆಗೆ ಮುಟ್ಟೂ ಆಯ್ತು. ಬರೀ ನಂಬರ್ ನೋಡಿದ್ರೆ ತಲೆಗೆ ಎಂಆರ್‌ಐ ತನಕ ಹೋಗ್ತಿತ್ತು. ಔಷಧಿ ಕಾರಣ ಇಲ್ಲದೆ ಪ್ರೊಲ್ಯಾಕ್ಟಿನ್ ಜಾಸ್ತಿ ಇದ್ರೆ, ಅದರಲ್ಲೂ 200 ದಾಟಿದ್ರೆ, ಪಿಟ್ಯೂಟರಿಯಲ್ಲಿ ಸಣ್ಣ ಗಡ್ಡೆ ಇದೆಯಾ ಅಂತ ಎಂಆರ್‌ಐ ನೋಡ್ಲೇಬೇಕು, ಅದಕ್ಕೂ ಮಾತ್ರೆಯಲ್ಲೇ ಒಳ್ಳೇ ಚಿಕಿತ್ಸೆ ಇದೆ. ತಲೆನೋವು, ಪಕ್ಕದ ನೋಟ ಮಂಜಾಗೋದು ಜೊತೆಗಿದ್ರೆ ಕಾಯ್ಬೇಡಿ.

ಮನಸ್ಸಿನ ಕಾಯಿಲೆಗೆ ಕೊಡೋ ರಿಸ್ಪೆರಿಡೋನ್, ಅಮಿಸಲ್ಪ್ರೈಡ್ ಕೂಡ ಇದೇ ಕೆಲಸ ಮಾಡ್ತವೆ. ಆದ್ರೆ ಅವನ್ನ ಇದನ್ನ ಓದಿ ನೀವೇ ಬಿಡ್ಬೇಡಿ, ಬರೆದ ಡಾಕ್ಟರಿಗೇ ಹೇಳಿ, ಬದಲಿ ಮಾತ್ರೆ ಇರತ್ತೆ.

ಹೆಜ್ಜೆ 4: ತೂಕ ಎತ್ತ ಹೋಗಿದೆ

ಮದುವೆ ಫಿಕ್ಸ್ ಆದ ಹುಡುಗೀರು ಮೂರು ತಿಂಗಳಲ್ಲಿ ಎಂಟು ಹತ್ತು ಕೇಜಿ ಇಳಿಸ್ತಾರೆ, ರಾತ್ರಿ ಊಟ ಬಿಟ್ಟು, ಬೆಳಿಗ್ಗೆ ಜಿಮ್ಮು. ಮೈಗೆ ಬರೋ ಶಕ್ತಿ ಸಾಲದೇ ಹೋದ್ರೆ ಮೆದುಳು ಮೊದಲು ನಿಲ್ಸೋದು ಅಂಡದ ಕೆಲಸವನ್ನ. ತೂಕ ನೋಡೋಕೆ ನಾರ್ಮಲ್ ಇದ್ರೂ ಇದಾಗತ್ತೆ, ಇಳಿದ ವೇಗ ಮುಖ್ಯ. ಇಂಥವರಿಗೆ ಸ್ಕ್ಯಾನಲ್ಲೂ ಅಂಡಾಶಯದಲ್ಲಿ ಸಣ್ಣ ಸಣ್ಣ ಗುಳ್ಳೆ ಕಾಣಬಹುದು, ಪಿಸಿಓಡಿ ಅಂತ ಹೆಸರಿಟ್ಟು "ಇನ್ನೂ ತೂಕ ಇಳಿಸಿ" ಅಂದ್ರೆ ಪರಿಸ್ಥಿತಿ ಉಲ್ಟಾ ಆಗತ್ತೆ. ಆದ್ರಿಂದ ಡಾಕ್ಟರಿಗೆ ಆರು ತಿಂಗಳ ಹಿಂದಿನ ತೂಕ ಎಷ್ಟಿತ್ತು ಅಂತ ಹೇಳೋದು ಮರೀಬೇಡಿ. ಇವರಿಗೆ ಮುಟ್ಟು ಬರ್ಸೋ ಮಾತ್ರೆ ಕೊಟ್ರೂ ಕೆಲವು ಸಲ ಬ್ಲೀಡಿಂಗೇ ಆಗಲ್ಲ, ಈಸ್ಟ್ರೋಜನ್ ಇಲ್ಲದೆ ಒಳಪದರವೇ ಬೆಳೆದಿರಲ್ಲ, ಉದುರೋಕೆ ಏನಿರತ್ತೆ. ವರ್ಷಗಟ್ಲೆ ಹಿಂಗೇ ಬಿಟ್ರೆ ಮೂಳೆ ಸವೀತಾ ಹೋಗತ್ತೆ. ಇದಕ್ಕೆ ಔಷಧಿ ಅಂದ್ರೆ ಊಟ, ವ್ಯಾಯಾಮ ಕಮ್ಮಿ ಮಾಡೋದು, ಆಮೇಲೂ ಕೆಲವು ತಿಂಗಳು ಕಾಯೋದು.

ತೂಕ ಏರಿದವರದ್ದು ಬೇರೆ ದಾರಿ. ಪಿಸಿಓಎಸ್, ಜನ ಪಿಸಿಓಡಿ ಅನ್ನೋದು ಇದನ್ನೇ, ಅದು ಇದೆ ಅನ್ನೋಕೆ ಮೂರರಲ್ಲಿ ಎರಡಾದ್ರೂ ಇರ್ಬೇಕು: ಮುಟ್ಟು 35 ದಿನಕ್ಕಿಂತ ದೂರ ದೂರ ಆಗೋದು, ಗಂಡು ಹಾರ್ಮೋನ್ ಜಾಸ್ತಿ ಇರೋ ಗುರುತು (ಗಲ್ಲದ ಮೇಲೆ ಗಡಸು ಕೂದಲು, ಬಿಡದ ಮೊಡವೆ, ಅಥವಾ ರಕ್ತದಲ್ಲಿ ಟೆಸ್ಟೋಸ್ಟಿರೋನ್), ಮತ್ತೆ ಸ್ಕ್ಯಾನಲ್ಲಿ ಕಾಣೋ ಗುಳ್ಳೆಗಳು. ಬರೀ ಸ್ಕ್ಯಾನಿನ ಮೇಲೆ "ನೀರುಗುಳ್ಳೆ ಇದೆ" ಅಂತ ಹೇಳಿದ್ರೆ ಅದು ಪೂರ್ತಿ ಉತ್ತರ ಅಲ್ಲ. ಮೈನೆರೆದು ಎಂಟು ವರ್ಷ ಆಗದೇ ಇರೋ ಹುಡುಗೀರಿಗಂತೂ ಸ್ಕ್ಯಾನ್ ನೋಡಿ ಪಿಸಿಓಎಸ್ ಹೇಳ್ಬಾರದು ಅಂತಲೇ ಈಗಿನ ಮಾರ್ಗಸೂಚಿ, ಆ ವಯಸ್ಸಲ್ಲಿ ಗುಳ್ಳೆ ಕಾಣೋದು ಸಾಮಾನ್ಯ. ಗುಳ್ಳೆ ಅನ್ನೋ ಹೆಸರೇ ತಪ್ಪು ದಾರಿಗೆ ಎಳೆಯತ್ತೆ, ಅವು ಅರ್ಧಕ್ಕೆ ಬೆಳೆದು ನಿಂತ ಅಂಡದ ಕೋಶಗಳು, ಆಪರೇಷನ್ ಮಾಡಿ ತೆಗೆಯೋ ವಸ್ತುವಲ್ಲ. ನಿಜವಾಗ್ಲೂ ಪಿಸಿಓಎಸ್ ಇದ್ದು ತೂಕ ಜಾಸ್ತಿ ಇದ್ರೆ ನೂರಕ್ಕೆ ಐದು ಭಾಗ ಇಳಿದ್ರೂ, ಅಂದ್ರೆ 70 ಕೇಜಿ ಇರೋರು ಮೂರೂವರೆ ಕೇಜಿ, ಎಷ್ಟೋ ಜನರಿಗೆ ಅಂಡ ಬಿಡುಗಡೆ ಮತ್ತೆ ಶುರುವಾಗತ್ತೆ. ಮತ್ತೆ ಒಂದು ಮಾತು, ಪಿಸಿಓಎಸ್ ಇರೋರಿಗೆ ಅಂಡ ಯಾವಾಗ ಬರತ್ತೆ ಹೇಳಕ್ಕಾಗಲ್ಲ, ಹಂಗಾಗಿ "ನಂಗೆ ಪಿಸಿಓಡಿ, ಪ್ರೆಗ್ನೆಂಟ್ ಆಗಲ್ಲ" ಅಂದ್ಕೊಂಡು ಟೆಸ್ಟೇ ಮಾಡದೆ ನಾಲ್ಕು ತಿಂಗಳ ಬಸರಿ ಅಂತ ಗೊತ್ತಾದೋರೂ ಇದ್ದಾರೆ.

ಹೆಜ್ಜೆ 5: ಎಷ್ಟು ದಿನ ಕಾಯೋದು, ಯಾವ ಟೆಸ್ಟ್

ಸರಿಯಾಗಿ ಆಗ್ತಿದ್ದೋರಿಗೆ ಮೂರು ತಿಂಗಳು ಬರ್ಲಿಲ್ಲ ಅಂದ್ರೆ, ಮೊದಲಿಂದಲೂ ಹಿಂದೆ ಮುಂದೆ ಆಗ್ತಿದ್ದೋರಿಗೆ ಆರು ತಿಂಗಳು ಬರ್ಲಿಲ್ಲ ಅಂದ್ರೆ ಕಾರಣ ಹುಡುಕಲೇಬೇಕು ಅನ್ನೋದು ಪುಸ್ತಕದ ಲೆಕ್ಕ. ಆರು ತಿಂಗಳು ತುಂಬಾ ಆಯ್ತು ಅಂತ ನನಗನ್ಸತ್ತೆ, ಪಿಸಿಓಎಸ್ ಇರೋರು ಮೂರು ತಿಂಗಳಿಗಿಂತ ಜಾಸ್ತಿ ಬಿಡೋದು ಬೇಡ, ಅಂಡ ಬಿಡುಗಡೆ ಆಗದೆ ಒಳಪದರ ದಪ್ಪ ಆಗ್ತಾ ಆಗ್ತಾ ಮುಂದೆ ಕ್ಯಾನ್ಸರ್ ಕಡೆಗೂ ತಿರುಗಬಹುದು. ಎದೇಲಿ ಹಾಲಿನಂಥದ್ದು ಬಂದ್ರೆ, ನಲವತ್ತರ ಒಳಗೆ ಮೈ ಬಿಸಿಯಾಗಿ ಬೆವರೋದು ಶುರುವಾದ್ರೆ, ಗರ್ಭಕೋಶದ ಕ್ಲೀನಿಂಗ್ ಆದ್ಮೇಲೆ ಮುಟ್ಟೇ ಬರದಿದ್ರೆ, ಮೂರು ತಿಂಗಳೂ ಕಾಯ್ಬೇಡಿ. ನಲವತ್ತೈದು ದಾಟಿದೋರಿಗೆ ಎರಡು ತಿಂಗಳು ಬಿಟ್ಟು ಬರೋದು ಸಾಮಾನ್ಯ, ಆದ್ರೆ ಒಂದು ವರ್ಷ ಪೂರ್ತಿ ಬರದೇ ಇರೋ ತನಕ ನಿಂತೋಯ್ತು ಅನ್ನೋ ಹಾಗಿಲ್ಲ, ಗರ್ಭ ನಿಲ್ಲೋ ಸಾಧ್ಯತೆಯೂ ಪೂರ್ತಿ ಹೋಗಿರಲ್ಲ.

ಮೊದಲ ಸುತ್ತಿನಲ್ಲಿ ಡಾಕ್ಟರ್ ಸಾಮಾನ್ಯವಾಗಿ ಬರೆಯೋದು ಇನ್ನೊಂದ್ಸಲ ಪ್ರೆಗ್ನೆನ್ಸಿ ಟೆಸ್ಟ್, ಥೈರಾಯ್ಡ್ ನೋಡೋ ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, ಎಫ್‌ಎಸ್‌ಎಚ್, ಒಂದು ಸ್ಕ್ಯಾನ್. ಥೈರಾಯ್ಡ್ ಯಾಕಂದ್ರೆ ಅದು ತುಂಬಾ ಕಮ್ಮಿಯಾದಾಗ ಪ್ರೊಲ್ಯಾಕ್ಟಿನ್ನನ್ನೂ ಜೊತೆಗೆ ಮೇಲೆ ಎಳ್ಕೊಂಡು ಹೋಗತ್ತೆ, ಅಲ್ಲಿ ಥೈರಾಯ್ಡ್ ಮಾತ್ರೆ ಕೊಟ್ರೆ ಎರಡೂ ಸರಿಯಾಗತ್ತೆ. ಎಫ್‌ಎಸ್‌ಎಚ್ ಅಂಡಾಶಯ ಹೆಂಗಿದೆ ಅಂತ ನೋಡೋಕೆ, ಅದನ್ನ ಮುಟ್ಟಾದ ಎರಡು ಮೂರನೇ ದಿನ ತೆಗೆಯೋದು, ಆದ್ರೆ ಮುಟ್ಟೇ ಬರದೆ ತಿಂಗಳುಗಟ್ಲೆ ಆದೋರಿಗೆ ಯಾವತ್ತಾದ್ರೂ ತೆಗೀತೀವಿ.

ಲ್ಯಾಬಿಗೆ ಬರೋವಾಗ ಎರಡು ವಿಷಯ. ಕೂದಲು ಉದುರತ್ತೆ ಅಂತ ಬಯೋಟಿನ್ ಮಾತ್ರೆ ತಿಂತಿದ್ರೆ ಹೇಳಿ, ಜಾಸ್ತಿ ಡೋಸಲ್ಲಿ ಅದು ಥೈರಾಯ್ಡ್ ರಿಪೋರ್ಟನ್ನ ಸುಳ್ಳು ಮಾಡತ್ತೆ, ಕನಿಷ್ಠ ಎರಡು ದಿನ ಬಿಟ್ಟು ಬನ್ನಿ. ಪ್ರೊಲ್ಯಾಕ್ಟಿನ್ ನಿದ್ದೇಲಿ ಏರತ್ತೆ, ಹಂಗಾಗಿ ಎದ್ದ ತಕ್ಷಣ ಓಡಿ ಬರ್ಬೇಡಿ, ಎರಡು ಮೂರು ಗಂಟೆ ಆದ್ಮೇಲೆ ಬಂದು ಹತ್ತು ನಿಮಿಷ ಸುಮ್ನೆ ಕೂತು ಆಮೇಲೆ ರಕ್ತ ಕೊಡಿ. ಬಸ್ ಹಿಡಿಯೋಕೆ ಓಡಿ, ಸೂಜಿ ನೋಡಿ ಹೆದರಿ ಕೊಟ್ರೆ 30, 40 ಬರೋದು ನಾನೇ ಎಷ್ಟೋ ಸಲ ನೋಡಿದೀನಿ, ಮತ್ತೊಂದು ದಿನ ತೆಗೆದ್ರೆ ನಾರ್ಮಲ್.

ಮುಟ್ಟು ಬರ್ಸೋ ಮಾತ್ರೆ ಬಗ್ಗೆ

ಮೆಡ್ರಾಕ್ಸಿಪ್ರೊಜೆಸ್ಟರೋನ್ 10 ಮಿಲಿಗ್ರಾಂ, ಐದರಿಂದ ಹತ್ತು ದಿನ ಕೊಡ್ತಾರೆ, ನಿಲ್ಲಿಸಿದ ಮೇಲೆ ಒಂದು ವಾರ ಹತ್ತು ದಿನದಲ್ಲಿ ಬ್ಲೀಡಿಂಗ್ ಆಗತ್ತೆ. ಮಾತ್ರೆ ತಿನ್ನೋವಾಗಲೇ ಬರ್ಲಿಲ್ಲ ಅಂತ ಗಾಬರಿ ಬೇಡ, ಬರೋದು ನಿಲ್ಲಿಸಿದ ಮೇಲೆ. ಇದು ಒಳಗೆ ಕೂತಿದ್ದ ಪದರವನ್ನ ಉದುರಿಸತ್ತೆ, ಅಂಡ ಬಿಡುಗಡೆ ಮಾಡ್ಸಲ್ಲ, ಕಾರಣ ಏನು ಅಂತಾನೂ ಹೇಳಲ್ಲ. ಮೆಡಿಕಲಲ್ಲಿ ಕೇಳಿ ತಗೊಂಡು ಪ್ರತಿ ತಿಂಗಳು ಬರ್ಸ್ಕೊಳ್ತಾ ಹೋದ್ರೆ ಥೈರಾಯ್ಡೋ ಪ್ರೊಲ್ಯಾಕ್ಟಿನ್ನೋ ವರ್ಷಗಟ್ಲೆ ಹಿಂದೇನೇ ಉಳ್ಕೊಳತ್ತೆ. 21 ದಿನದ ನಿಯಮ ಮುಗಿಯದೆ ಇದನ್ನ ಮುಟ್ಟಲೇಬೇಡಿ, ಗರ್ಭ ಇದ್ರೆ ಇದು ತೆಗೆಯೋ ಮಾತ್ರೆ ಅಲ್ಲ, ಸುಮ್ನೆ ಗೊಂದಲ ಆಗತ್ತೆ.

ಸರಿಯಾಗಿ ಕೊಟ್ಟ ಮಾತ್ರೆಗೂ, ಹಾರ್ಮೋನೆಲ್ಲಾ ಸರಿ ಇದ್ರೂ ಬ್ಲೀಡಿಂಗ್ ಆಗ್ಲಿಲ್ಲ ಅಂದ್ರೆ ಗರ್ಭಕೋಶದ ಒಳಗೋಡೆ ಅಂಟ್ಕೊಂಡಿದೆಯಾ ಅಂತ ನೋಡ್ತಾರೆ. ಕ್ಲೀನಿಂಗ್ ಆದೋರಿಗೆ ಇದಾಗಬಹುದು, ಗರ್ಭಕೋಶಕ್ಕೆ ಟಿಬಿ ತಗುಲಿದ್ರೂ ಆಗಬಹುದು, ಹಿಂದೆ ಟಿಬಿ ಬಂದಿತ್ತು ಅಂದ್ರೆ ಅದನ್ನ ಬಾಯ್ಬಿಟ್ಟು ಹೇಳಿ.

ಡಾಕ್ಟರ್ ಹತ್ರ ಹೋಗೋವಾಗ

ಒಂದು ಚೀಟೀಲಿ ಬರ್ಕೊಳ್ಳಿ: ಹಿಂದಿನ ನಾಲ್ಕು ಮುಟ್ಟಿನ ಮೊದಲ ದಿನದ ತಾರೀಕು, ಕೊನೇ ಸಲ ಸೇರಿದ ತಾರೀಕು, ಕಿಟ್ ಮಾಡಿದ ತಾರೀಕು, ಆರು ತಿಂಗಳ ಹಿಂದಿನ ತೂಕ ಈಗಿನ ತೂಕ, ಮತ್ತೆ ತಿಂತಿರೋ ಎಲ್ಲ ಮಾತ್ರೆಯ ಸ್ಟ್ರಿಪ್, ಖಾಲಿದಾದ್ರೂ ಪರ್ವಾಗಿಲ್ಲ ಹಿಡ್ಕೊಂಡು ಹೋಗಿ. ಮದುವೆ ಆಗದೇ ಇರೋರಿಗೆ ಸ್ಕ್ಯಾನ್ ಹೊಟ್ಟೆ ಮೇಲಿಂದಲೇ ಮಾಡ್ತಾರೆ, ಒಂದು ಗಂಟೆ ಮುಂಚೆ ನಾಲ್ಕೈದು ಲೋಟ ನೀರು ಕುಡಿದು ಮೂತ್ರ ಹಿಡ್ಕೊಂಡಿರ್ಬೇಕು.

ಅಮ್ಮ ಜೊತೆಗೆ ಬಂದಿರ್ತಾರೆ, ಡಾಕ್ಟರ್ "ಸಂಪರ್ಕ ಏನಾದ್ರೂ ಆಗಿದೆಯಾಮ್ಮ" ಅಂತ ಕೇಳ್ತಾರೆ, ಹುಡುಗಿ ತಲೆ ಬಗ್ಗಿಸಿ ಇಲ್ಲ ಅಂತಾಳೆ, ಆ ಒಂದು ಇಲ್ಲ ಅನ್ನೋ ಮಾತಿನ ಮೇಲೆ ಮಾತ್ರೆ ಬರ್ದಾಗತ್ತೆ. ಆಮೇಲೆ ಆಚೆ ಬಂದು ರಕ್ತ ಕೊಡೋವಾಗ ನನ್ನ ಕಿವೀಲಿ ಬೇರೇನೇ ಹೇಳ್ತಾರೆ. ಒಳಗೆ ಹೋಗೋ ಮುಂಚೆ ನರ್ಸ್ ಹತ್ರ "ಡಾಕ್ಟರ್ ಜೊತೆ ಎರಡು ನಿಮಿಷ ಒಬ್ಬಳೇ ಮಾತಾಡ್ಬೇಕು" ಅಂತ ಹೇಳಿ, ಅಮ್ಮನ್ನ ಬಿಪಿ ನೋಡೋ ನೆಪದಲ್ಲೋ ಬಿಲ್ ಕಟ್ಟೋ ನೆಪದಲ್ಲೋ ಆಚೆ ಕಳ್ಸೋದು ಅವರಿಗೆ ಚೆನ್ನಾಗಿ ಗೊತ್ತಿರತ್ತೆ.